ಐದು ನಿಮಿಷದ ಅನಿಸಿಕೆ

ನಮ್ಮ ಕಡೆ ಯಾರಿಗಾದರೂ ಮೈಕಿನ ಮುಂದ ನಿಂದ್ರೋ ಪ್ರಸಂಗ ಬಂತಂದ್ರ ಮೊದಲು ಬಡಕೊಳ್ಳೋದು ನನ್ನ ಫೋನು. ನಾ ಸೇಡಂದಾಗ ಹೈಸ್ಕೂಲಿಗಿ ಕನ್ನಡ ಕಲಸೋಕಿ, ಅದೊಂದೇ ನನ್ನ ತಪ್ಪು. ವಾಡಿಯೊಳಗ ರೈಲ್ವೆದವರೊಬ್ಬರು ರಿಟೈರ್ ಆದ್ರ ಅವರ ಬೀಳ್ಕೊಡುಗೆ ಮಾತು ನಾನೇ ತಿದ್ದಬೇಕು. ಶಹಾಬಾದದಾಗ ಯಾರದೋ ಮಗಳು ಭಾಷಣ ಸ್ಪರ್ಧೆಕ್ಕ ನಿಂತ್ರ ನಾನೇ ನೋಡಬೇಕು. ಚಿತ್ತಾಪುರದಾಗ ನಮ್ಮ ಬೀಗರು ತಮ್ಮ ಸಂಘದ ವರದಿ ಓದತಾರಂದ್ರ ಅದೂ ನನ್ನ ಕೊರಳಿಗೇ ಬೀಳತದ. ಜರಾ ನೋಡ್ರಿ ಮೇಡಂ, ಐದು ನಿಮಿಷದ ಕೆಲಸ ಅಂತಾರ. ಐದು ನಿಮಿಷ ಮಾತಾಡೋರು ಅವರು. ಅದನ್ನ ಐದು ನಿಮಿಷಕ್ಕ ಇಳಿಸಲಿಕ್ಕ ನನ್ನ ಒಂದು ರವಿವಾರ ಪೂರಾ ಹಾಳಾಗತದ ಅಂತ ಯಾರ ತಲಿಗೂ ಹೋಗಂಗಿಲ್ಲ.

ಈಗ ಹೇಳಲಿಕತ್ತಿದ್ದು ಮೊನ್ನಿನ ಚಳಿಗಾಲದ ಮಾತು. ಅರ್ಧವಾರ್ಷಿಕ ಪರೀಕ್ಷಾದ ಪೇಪರಿನ ಗಂಟು ಮುಂದ ಇಟ್ಕೊಂಡು ಕುಂತಿದ್ದೆ. ಮೊಣಕಾಲು ನೋಯಲಿಕತ್ತಿತ್ತು, ಕಣ್ಣು ಉರಿಯಲಿಕತ್ತಿದ್ದವು. ಸಾಲಿ ಕೆಲಸ ಅಂದ್ರ ಈಗ ಕಲಸೋದು ಕಡಿಮಿ, ಆ್ಯಪಿನಾಗ ಮಾಹಿತಿ ತುಂಬೋದೇ ಹೆಚ್ಚು. ಸಾಕಾಗಿ ಹೋಗಿತ್ತು ನನಗ. ಅಷ್ಟರಾಗ ಫೋನು ಟಣ್ ಟಣ್ ಅಂತ ಒಂದಾದ ಮ್ಯಾಲ ಒಂದು ಹೊಡಕೊಂಡಿತು. ನೋಡಿದ್ರ ಫೋಟೋಗಳು, ರೂಲು ಹೊಡೆದ ನೋಟ್‌ಬುಕ್ಕಿನ ಹಾಳೀವು, ಎಲ್ಲಾ ಕೈಬರಹ. ಒಂದು ಹಾಳಿ ಅಡ್ಡ, ಒಂದು ಉದ್ದ, ಒಂದರ ಮೂಲ್ಯಾಗ ಯಾರದೋ ಹೆಬ್ಬಟ್ಟು. ದೇವರೇ, ಇದೊಂದು ಬಂತಲ್ಲಪ್ಪ ಅಂದ್ಕೊಂಡೆ.

ಕಳಿಸಿದಾಕಿ ನನ್ನ ಹಳೇ ವಿದ್ಯಾರ್ಥಿನಿ. ನಾ ಸುಲೇಪೇಟದಾಗ ಇದ್ದಾಗ ನನ್ನ ಕೈಯಾಗ ಹತ್ತನೇ ಕ್ಲಾಸ್ ಮುಗಿಸಿದ್ದಳು. ಪ್ರಬಂಧ ಬರೀ ಅಂದ್ರ ಉಳಿದವರು ಒಂದು ಪುಟಕ್ಕ ಪೆನ್ನು ಕೆಳಗಿಟ್ರ ಈಕಿ ಹೆಚ್ಚಿನ ಹಾಳಿ ಬೇಡೋಕಿ. ಮುಂದ ಓದಲಿಲ್ಲ, ಮರುವರ್ಷ ಲಗ್ನ ಆಯ್ತು. ಈಗ ಚಿಂಚೋಳಿ ತಾಲೂಕಿನ ಒಂದು ಹಳ್ಳಿಯೊಳಗ ಹೆಣ್ಮಕ್ಕಳ ಸ್ವಸಹಾಯ ಸಂಘ ನಡಸತಾಳ. ಗಂಡ ಗೌಂಡಿ. ಕಾಳಗಿ ಕಡೆ ಮನಿ ಕಟ್ಟೋ ಕೆಲಸಕ್ಕ ಮೋಟಾರ್ ಸೈಕಲ್ ಮ್ಯಾಲ ಹೋಗತಾನ, ರಾತ್ರಿ ಊಟದ ಹೊತ್ತಿಗಿ ಬರತಾನ. ಒಬ್ಬಾಕಿ ಮಗಳು, ಸುಲೇಪೇಟದಾಗ ಹತ್ತನೇ ಕ್ಲಾಸ್.

ಫೋಟೋದ ಹಿಂದೇ ಆಕಿ ದನಿ ಮೆಸೇಜೂ ಬಂತು. ಚಿಂಚೋಳಿಯೊಳಗ ಸಂಘಗಳ ತಾಲೂಕು ಸಮಾವೇಶ ಅದ, ನಮ್ಮ ಸಂಘದ ಕಡಿಂದ ಅನಿಸಿಕೆ ಹೇಳು ಅಂದಾರ, ಐದು ನಿಮಿಷ ಕೊಟ್ಟಾರ, ನಾ ಬರೆದಿದ್ದು ಭಾಳ ಆಗ್ಯದ, ಮುಖ್ಯ ಮುಖ್ಯ ಉಳಿಸಿ ಉಳಿದದ್ದು ತೆಗೆದು ಕೊಡ್ರಿ ಅಂತ. ಅನಿಸಿಕೆ ಅಂದ್ರ ಏನು ಅಂತ ನಮ್ಮ ಕಡೆ ಸಭಾಕ್ಕ ಹೋದವರಿಗೆಲ್ಲಾ ಗೊತ್ತದ. ದೊಡ್ಡವರ ಎರಡು ಭಾಷಣದ ನಡುವ ಊರಿನ ಯಾರನ್ನರ ಒಬ್ಬರನ್ನ ನಿಲ್ಲಿಸತಾರ. ಅವರು ಭಾಳ ಉಪಕಾರ ಆಯ್ತು ಅಂತ ಹೇಳಿ ಕೈ ಮುಗಿದು ಇಳಿದು ಹೋಗಬೇಕು. ಫೋಟೋಕ್ಕ ಅಷ್ಟು ಸಾಕು. ಆದ್ರ ಈಕಿ ಉಪಕಾರ ಹೇಳಲಿಕ್ಕಷ್ಟೇ ಹೊಂಟಾಕಿ ಅಲ್ಲ. ಕಡೀಗಿ ಒಂದು ಮಾತು ಸೇರಿಸಿದ್ದಳು. ಡಿಪೋದ ಸಾಹೇಬ್ರೂ ವೇದಿಕೆ ಮ್ಯಾಲ ಇರತಾರಂತ ಟೀಚರ್, ಬಸ್ಸಿನ ಮಾತು ಮಾತ್ರ ಬಿಡಬ್ಯಾಡ್ರಿ ಅಂತ.

ಸಿಟ್ಟು ಬಂತು, ಖರೇ ಹೇಳತೀನಿ. ಪೇಪರ್ ಬದಿಗಿ ಸರಿಸಿ ಫೋಟೋ ಒಂದೊಂದೇ ಹಿಗ್ಗಿಸಿ ನೋಡಿದೆ. ಮೊದಲು ಹಾಳಿ ಯಾವುದರ ಹಿಂದ ಯಾವುದು ಅಂತ ಹೊಂದಿಸೋದೇ ಒಂದು ಹೊರಿ ಕೆಲಸ, ಆಕಿ ಪುಟದ ನಂಬರ್ ಹಾಕಿರಲಿಲ್ಲ. ಒಂದು ಹಾಳಿ ಕಡೀ ಮಾತು ಯಾವ ಹಾಳಿ ಮೊದಲ ಮಾತಿಗಿ ಕೂಡತದ ಅಂತ ನೋಡಿ ನೋಡಿ ಜೋಡಿಸಿದೆ. ಎರಡು ಫೋಟೋದಾಗ ಕೆಳಗಿನ ಸಾಲು ಕಟ್ಟಾಗಿದ್ದವು, ಇನ್ನೊಂದರ ಮ್ಯಾಲ ಫೋನಿನ ನೆರಳು ಬಿದ್ದಿತ್ತು. ಆ ಮೂರು ಮತ್ತ ತೆಗಿ, ಬಿಸಲಾಗ ಹಾಳಿ ಇಟ್ಟು ಮ್ಯಾಲಿಂದ ನೇರ ಹಿಡಿ ಅಂತ ಹೇಳಿ ಕಳಿಸಿದೆ. ಬರೆದದ್ದು ಕಾಣದೇ ಅಂದಾಜಿನ ಮ್ಯಾಲ ತಿದ್ದೋದು ನನ್ನ ಕೈಲೆ ಆಗಂಗಿಲ್ಲ, ಆಕಿ ಮಾತಿಗಿ ನನ್ನ ಮಾತು ಕೂಡಿಬಿಡತದ.

ಫೋಟೋದಾಗಿನ ಅಕ್ಷರ ತಾನೇ ಟೈಪ್ ಮಾಡಿಕೊಡೋ ಆ್ಯಪೂ ಒಮ್ಮಿ ಹಚ್ಚಿ ನೋಡಿದೆ. ಅಚ್ಚಿನ ಪುಸ್ತಕಕ್ಕ ಅದು ನಡೀತದ. ಆಕಿ ಕೈಬರಹದ ಒತ್ತಕ್ಷರ ಕಂಡು ಅದರ ತಲಿ ಕೆಟ್ಟಿತು, ಸಂಘ ಅನ್ನೋದು ಏನೇನೋ ಆಗಿ ಬಂತು. ಅದನ್ನ ತಿದ್ದೋದ್ಕಿಂತ ನಾನೇ ಬರಕೊಂಡ್ರ ಜಲ್ದಿ ಅಂತ ಒಂದು ಹಾಳಿ ತಗೊಂಡು, ಆಕಿ ಪ್ರತಿ ಪುಟದಾಗ ಏನದ ಅಂತ ಒಂದೊಂದು ಸಾಲು ಬರಕೋತ ಹೋದೆ. ಮೊದಲ ಪುಟ ಪೂರಾ ವೇದಿಕೆ ಮ್ಯಾಲಿನವರ ಹೆಸರು. ಎರಡನೇದು ಹೆಣ್ಣು ಸಂಸಾರದ ಕಣ್ಣು ಅನ್ನೋ ಥರದ ಮಾತು, ನಾವೇ ಸಾಲಿಯೊಳಗ ಕಲಿಸಿದ್ದು, ಬೈಯಲಿಕ್ಕೂ ಮುಖ ಇರಲಿಲ್ಲ. ಆಮ್ಯಾಲ ಸಂಘ ಹೆಂಗ ಸುರು ಆಯ್ತು, ಹಪ್ಪಳ, ಶಾವಿಗಿ, ಖಾರದಪುಡಿ. ಆಮ್ಯಾಲ ಮತ್ತ ಉಪಕಾರ. ಅದೆಲ್ಲಾ ಮುಗಿದ ಮ್ಯಾಲ, ಕಡೀಗಿ ಹೋಗಿ ಬಸ್ಸು.

ಬಸ್ಸಿನ ಮಾತು ಬಂದ ಕೂಡಲೇ ಆಕಿ ಬರಹವೇ ಬ್ಯಾರೆ ಆಗಿತ್ತು. ಅಲಂಕಾರ ಇಲ್ಲ, ಏನಿಲ್ಲ. ಅವರೂರಿಗಿ ಮೊದಲು ವಸ್ತಿ ಬಸ್ಸು ಇತ್ತು. ಸಂಜೀಕ ಊರೊಳಗ ಬಂದು ರಾತ್ರಿ ಅಲ್ಲೇ ನಿಂತು ಮುಂಜಾನೆ ಮೊದಲು ಹೊಂಡೋ ಬಸ್ಸು. ಅದು ನಿಂತು ಹೋಗ್ಯದ. ಯಾಕಂತ ಕೇಳಿದ್ರ ಡ್ರೈವರ್ ಕಂಡಕ್ಟರಿಗಿ ಮಲಗಲಿಕ್ಕ ಜಾಗ ಇಲ್ಲ, ಪಾಯಖಾನೆ ಇಲ್ಲ, ಯಾರೂ ಆ ರೂಟಿಗಿ ಬರಲಿಕ್ಕ ಒಪ್ಪಂಗಿಲ್ಲ ಅಂದಾರ. ಈಗ ಸಂಜೀ ಬಸ್ಸು ಕ್ರಾಸಿನಾಗ ಇಳಿಸಿ ಮುಂದ ಹೋಗತದ. ಕ್ರಾಸಿನಿಂದ ಊರಿಗಿ ಮೂರು ಕಿಲೋಮೀಟರ್, ನಡುವ ಬರೇ ತೊಗರಿ ಹೊಲ. ಹತ್ತನೇ ಕ್ಲಾಸಿನ ಹುಡಗ್ಯಾರಿಗಿ ಸಾಲಿ ಬಿಟ್ಟ ಮ್ಯಾಲ ಸ್ಪೆಷಲ್ ಕ್ಲಾಸ್ ಇರತಾವ. ಚಳಿಗಾಲದಾಗ ಅವರು ಕ್ರಾಸಿಗಿ ಇಳಿಯೋ ಹೊತ್ತಿಗಿ ಹೊತ್ತು ಮುಳುಗಿ ಹೋಗಿರತದ. ಇಬ್ಬರು ಈಗಾಗಲೇ ಸಾಲಿ ಬಿಟ್ಟಾರ. ಅದಕ್ಕ ಸಂಘದ ಹೆಣ್ಮಕ್ಕಳು ಕೂಡಿ ಠರಾವು ಮಾಡ್ಯಾರ. ಸಂಘದ ಕೋಣಿ ಡ್ರೈವರ್ ಕಂಡಕ್ಟರಿಗಿ ಬಿಟ್ಟುಕೊಡತೀವಿ, ಪಾಯಖಾನೆ ಕಟ್ಟಿಸೀವಿ, ಕೀಲಿ ಅವರ ಕೈಗೇ ಕೊಡತೀವಿ, ರಾತ್ರಿ ರೊಟ್ಟಿ ಪಾಳಿ ಮ್ಯಾಲ ಒಂದೊಂದು ಮನಿಯಿಂದ. ಬಸ್ಸು ಮಾತ್ರ ಕೊಡ್ರಿ.

ಇಷ್ಟು ಸ್ವಚ್ಛ ಮಾತು ಇಟ್ಕೊಂಡು ಈಕಿ ಅದನ್ನ ಹಪ್ಪಳ ಶಾವಿಗಿ ಹಿಂದ ಅಡಗಿಸ್ಯಾಳಲ್ಲ ಅಂತ ಸಿಟ್ಟು. ಸಿಟ್ಟಿನ ಕೂಡ ಒಂದು ನಮೂನಿ ಮರುಕ. ಬೇಡೋದಕ್ಕ ಮೊದಲು ಇಷ್ಟು ಸಲ ಉಪಕಾರ ಹೇಳಬೇಕು ಅಂತ ಯಾರು ಕಲಿಸಿದ್ರು ಈಕಿಗಿ?

ಆಕಿ ಓದೋ ವೇಗ ಗೊತ್ತಿಲ್ಲದೇ ಕತ್ತರಿ ಹಚ್ಚಿ ಉಪಯೋಗ ಇಲ್ಲ. ನಾ ಗಡಗಡ ಓದತೀನಿ, ಮೈಕಿನ ಮುಂದ ಆಕಿ ಹಂಗ ಓದಂಗಿಲ್ಲ. ಒಂದು ಪುಟ ಓದಿ ದನಿ ಕಳಿಸು, ಜನರ ಮುಂದ ನಿಂತೀನಂತ ತಿಳಕೊಂಡು ಸಾವಕಾಶ ಓದು ಅಂದೆ. ಆಕಿ ಹಿತ್ತಲದಾಗ ನಿಂತು ಓದಿದಳು, ಹಿಂದ ಕೋಳಿ ಕೂಗಲಿಕತ್ತಿದ್ದವು. ಒಂದು ಪುಟಕ್ಕ ಒಂದೂವರಿ ನಿಮಿಷ ಹಿಡೀತು. ಆ ಲೆಕ್ಕದಾಗ ಐದು ನಿಮಿಷಕ್ಕ ಮೂರು ಪುಟದ ಮ್ಯಾಲ ಜರಾ. ಹತ್ತಿ ಇಳಿಯೋದು, ಮೈಕ್ ಸರಿ ಮಾಡಿಕೊಳ್ಳೋದು, ನಡುವ ಚಪ್ಪಾಳೆ ಬಿದ್ರ ನಿಂದ್ರೋದು, ಅದಕ್ಕೂ ಜಾಗ ಬಿಡಬೇಕು. ಅಂದ್ರ ಎರಡೂವರಿ ಪುಟ. ಆಕಿ ಬರೆದದ್ದು ಅದರ ಮೂರು ಪಟ್ಟಿನ ಮ್ಯಾಲ ಇತ್ತು.

ಕತ್ತರಿಸಲಿಕ್ಕ ನನ್ನದೊಂದು ಪದ್ಧತಿ ಅದ. ಮೊದಲು ಶಬ್ದ ಮುಟ್ಟಂಗಿಲ್ಲ. ಶಬ್ದ ತೆಗೀತಾ ಹೋದ್ರ ಭಾಷಣ ಸಣ್ಣದಾಗತದ, ಹಗುರ ಆಗಂಗಿಲ್ಲ. ಮೊದಲು ಪೂರಾ ಪೂರಾ ಸಂಗತಿ ತೆಗೀಬೇಕು. ಕೇಳಿದವರು ಮನಿಗಿ ಹೋದ ಮ್ಯಾಲ ಯಾವ ಒಂದು ಮಾತು ನೆನಪಿಡಬೇಕು ಅಂತ ಕೇಳಿಕೋಬೇಕು, ಆ ಮಾತಿಗಿ ಆಸರ ಕೊಡದೇ ಇರೋದು ಹೊರಗ ಹೋಗಬೇಕು. ಇಲ್ಲಿ ಆ ಒಂದು ಮಾತು ವಸ್ತಿ ಬಸ್ಸು. ಹಂಗಾಗಿ ಹೆಣ್ಣಿನ ಮಹತ್ವ ಹೋಯ್ತು, ಹಪ್ಪಳ ಹೋಯ್ತು, ನಡುವಿನ ಉಪಕಾರ ಹೋಯ್ತು. ಸಂಘದ ಕಥಿಯೊಳಗ ಕೋಣಿ ಕಟ್ಟಿಸಿದ ಎರಡು ಸಾಲು ಮಾತ್ರ ಉಳಿಸಿದೆ, ಯಾಕಂದ್ರ ಆ ಕೋಣಿನೇ ಡ್ರೈವರಿಗಿ ಕೊಡಬೇಕಾದದ್ದು. ಸಾಲಿ ಬಿಟ್ಟ ಇಬ್ಬರು ಹುಡಗ್ಯಾರದು ಒಂದೊಂದು ಪುಟ ಬರೆದಿದ್ದಳು. ಇಬ್ಬರದೂ ಒಂದೇ ಕಥಿ ಇದ್ದದ್ದಕ್ಕ ಒಬ್ಬಾಕಿದು ಇಟ್ಟು, ಇನ್ನೊಬ್ಬಾಕಿನ್ನ ಒಂದು ಸಾಲಿನಾಗ ಸೇರಿಸಿದೆ. ಕಡೀಗಿದ್ದ ಬಸ್ಸನ್ನ ಎಳಕೊಂಡು ಬಂದು ನಮಸ್ಕಾರದ ಹಿಂದೇ ನಿಲ್ಲಿಸಿದೆ. ಇಂಥ ಸಭಾದಾಗ ಐದು ನಿಮಿಷ ಅಂದವರು ಎರಡಕ್ಕೇ ಮುಗಸ್ರಿ ಅಂತ ಚೀಟಿ ಕಳಸತಾರ, ಅದು ನನ್ನ ಅನುಭವ. ಬೇಡಬೇಕಾದದ್ದನ್ನ ಮೊದಲೇ ಬೇಡಬೇಕು.

ವೇದಿಕೆ ಮ್ಯಾಲಿನ ಹೆಸರಿನ ಪುಟ ತೆಗೆದಿದ್ದಕ್ಕ ಮಾತ್ರ ಆಕಿ ಫೋನಿನಾಗ ಹಟ ಹಿಡಿದಳು. ಎಲ್ಲರ ಹೆಸರೂ ಆಮಂತ್ರಣದ ಕಾರ್ಡಿನಾಗ ಇದ್ದಂಗ ಒಂದೊಂದೇ ಹೇಳಬೇಕಂತ, ಹಿಂದು ಮುಂದು ಆಗಬಾರದಂತ, ಪಂಚಾಯ್ತಿ ಅಧ್ಯಕ್ಷರ ಹೆಸರು ಬಿಟ್ರ ನಾಳಿ ನಳದ ನೀರಿಗೂ ಅವರ ಮುಂದೇ ನಿಂದ್ರಬೇಕಂತ. ಹೆಸರಿಗೇ ಎರಡು ನಿಮಿಷ ಹೋಗತಾವಲ್ಲವ್ವಾ ಅಂದೆ. ಹೋದ್ರ ಹೋಗಲಿ ಟೀಚರ್ ಅಂದಳು. ಜಗಳ ಆಡಿ ಆಡಿ ಮೂರು ಹೆಸರಿಗಿ ಒಪ್ಪಿಕೊಂಡೆವು. ಉಳಿದವರಿಗಿ ಸಮಸ್ತ ಹಿರಿಯರು ಅಂತ ಒಂದು ಕೈಮುಗಿತ.

ಎಲ್ಲಾ ಮುಗಿದ ಮ್ಯಾಲ, ಏನರ ಬಿಟ್ಟೀನೇನು ಅಂತ ಮೂಲ ಫೋಟೋ ಮತ್ತೊಮ್ಮಿ ನೋಡಲಿಕತ್ತಿದ್ದೆ. ಬಸ್ಸಿನ ಪುಟದ ನಡುವ ಎರಡು ಸಾಲು ಪೆನ್ನಿಲೆ ಹೊಡೆದು ಹಾಕಿದ್ದಳು. ಮೊದಲ ಸಲ ಹೊಡೆದದ್ದು ಅಂತ ನಾ ದಾಟಿ ಹೋಗಿದ್ದೆ. ಈಗ ಹಿಗ್ಗಿಸಿದ್ರ ಗೆರಿ ಕೆಳಗ ಅಕ್ಷರ ಕಂಡವು. ಕ್ರಾಸಿನ ಹತ್ತಿರ ಇಬ್ಬರು ಮೋಟಾರ್ ಸೈಕಲ್ ಹಚ್ಚಿಕೊಂಡು ನಿಂತಿರತಾರ, ನನ್ನ ಮಗಳ ಹಿಂದೇ ಬರತಾರ, ಒಂದು ಮಾತೂ ಆಡಂಗಿಲ್ಲ ಬರೇ ಲೈಟ್ ಹೊಡೀತಾರ, ಆಕಿ ಊರ ತನಕ ಓಡಿಕೋತ ಬರತಾಳ.

ಹೆಣ್ಣುಮಗಳು, ನಾನೂ ಹುಡಗಿಯಾಗಿ ಇಂಥ ದಾರಿ ನಡದಾಕಿ. ಆ ಸಂಕಟದ ನಡುವನೂ ನನ್ನೊಳಗಿನ ತಿದ್ದೋಕಿ ಸುಮ್ನ ಕೂಡಲಿಲ್ಲ. ಇಡೀ ಭಾಷಣದಾಗ ಎಲ್ಲಾಕ್ಕಿಂತ ಗಟ್ಟಿ ಮಾತು ಇದೇ ಅಂತ ನನಗ ಗೊತ್ತಾಗಿಬಿಟ್ಟಿತು. ರೊಟ್ಟಿ, ಕೋಣಿ, ಕೀಲಿ ಎಲ್ಲಾ ಡಿಪೋದವರ ತಲಿಗಿ ಹೋಗತಾವ. ಇದು ಸೀದಾ ಎದಿಗಿ ಹೋಗತದ. ಬಸ್ಸು ಬರಬೇಕಂದ್ರ ಇದನ್ನ ಹೇಳಲೇಬೇಕು.

ಫೋನ್ ಹಚ್ಚಿದೆ. ಹೊಡೆದು ಹಾಕಿದ್ದು ಓದೀನಿ ಅಂದೆ. ಹೊಡೆದದ್ದು ಫೋಟೋದಾಗ ಕಾಣತದಂತ ನನಗೇನು ಗೊತ್ತಿತ್ರಿ ಅಂದಳು. ಗಂಡಗ ಗೊತ್ತಿಲ್ಲಂತ. ಮಗಳು ತಾಯಿಗಷ್ಟೇ ಹೇಳ್ಯಾಳ, ಯಾರಂತ ಆಕೀಗೂ ಹೆಸರು ಹೇಳಿಲ್ಲ. ಹಾಸ್ಟೆಲಿಗಿ ಹಚ್ಚಲಿಕ್ಕ ಅಪ್ಪ ಮೊದಲೇ ಒಲ್ಲೆ ಅಂದಾನ, ಹತ್ತನೇ ತನಕ ಓದಿದ್ರ ಸಾಕು ಅನ್ನೋ ಮನಷ್ಯಾ. ನಾ ಟೀಚರಿನ ಗತ್ತಿನಾಗೇ ಮಾತಾಡಿದೆ. ಹೆಸರು ಹೇಳಬ್ಯಾಡ, ನಿನ್ನ ಮಗಳಂತ ಹೇಳಬ್ಯಾಡ, ನಮ್ಮೂರ ಹುಡಗಿ ಅಂತ ಹೇಳು, ಆದ್ರ ಹೇಳು, ಇದಿಲ್ಲದೇ ಅವರು ಅಲುಗಾಡಂಗಿಲ್ಲ ಅಂದೆ.

"ಅದನ್ನ ಹೇಳಿದ್ರ ಬಸ್ಸು ಬರಬಹುದ್ರಿ ಟೀಚರ್," ಅಂದಳು. "ಅದ್ರಾಗ ಹತ್ತಲಿಕ್ಕ ನನ್ನ ಮಗಳು ಇರಂಗಿಲ್ಲ."

ಆಕಿ ಹೇಳಿದ್ದು ಖರೇ ಇತ್ತು. ಸಣ್ಣ ಊರು, ನಮ್ಮೂರ ಹುಡಗಿ ಅಂದ್ರ ಯಾವಾಕಿ ಅಂತ ಸಂಜೀ ಒಳಗ ಕಟ್ಟಿ ಮ್ಯಾಲ ಕುಂತವರಿಗೆಲ್ಲಾ ತಿಳೀತದ. ಆಮ್ಯಾಲ ಹುಡಗಿನ್ನ ಮನ್ಯಾಗ ಕೂಡಿಸತಾರ, ವರ ನೋಡತಾರ. ಲೈಟ್ ಹೊಡೆದವರು ಮಾತ್ರ ಆರಾಮ ತಿರುಗತಾರ. ಹಾಳಾದ ಲೋಕ ಇದು ಅಂತ ಮನಸಿನಾಗೇ ಬೈಕೊಂಡೆ. ಆ ಎರಡು ಸಾಲು ಇಲ್ಲದೇನೇ ಭಾಷಣ ಚೊಕ್ಕ ಬರೆದು, ಉಸಿರು ತಗೊಳ್ಳೋ ಕಡೆ ಗೆರಿ ಹಾಕಿ, ದೊಡ್ಡ ಅಕ್ಷರದಾಗ ಫೋಟೋ ತೆಗೆದು ಕಳಿಸಿದೆ. ಆಕಿ ಎರಡು ಸಲ ಓದಿ ದನಿ ಕಳಿಸಿದಳು. ಎರಡನೇ ಸಲ ನಾಕು ನಿಮಿಷದಾಗ ಮುಗೀತು.

ಸಮಾವೇಶಕ್ಕ ನಾ ಹೋಗಬೇಕಂತ ಇರಲಿಲ್ಲ. ಆಕಿ ಬರ್ರಿ ಟೀಚರ್, ನೀವು ಕಂಡ್ರ ಧೈರ್ಯ ಇರತದ ಅಂದಳು ಅಂತ ರಜಾ ಹಾಕಿ ಮುಂಜಾನಿ ಬಸ್ಸಿಗಿ ಚಿಂಚೋಳಿಗಿ ಹೋದೆ. ಸುಲೇಪೇಟ ದಾಟಿದ ಮ್ಯಾಲ ಅವರೂರಿನ ಕ್ರಾಸ್ ಬಂತು. ಒಂದು ಬ್ಯಾವಿನಗಿಡ, ಮುರಿದ ತಗಡಿನ ನೆರಳು, ಒಂದು ಮುಚ್ಚಿದ ಡಬ್ಬಿ ಅಂಗಡಿ. ಹಗಲಾಗಿದ್ದಕ್ಕ ಅಂಥದ್ದೇನೂ ಕಾಣಲಿಲ್ಲ.

ಸಭಾಂಗಣ ತುಂಬಿತ್ತು. ಹೆಣ್ಮಕ್ಕಳೆಲ್ಲಾ ಒಂದೇ ಬಣ್ಣದ ಸೀರಿ ಉಟ್ಟು ಹಳ್ಳಿ ಹಳ್ಳಿಯಿಂದ ಬಂದು ಮುಂಜಾನಿಂದ ಕುಂತಿದ್ರು. ದೊಡ್ಡವರು ಮಧ್ಯಾಹ್ನ ಬಂದ್ರು. ಆಮ್ಯಾಲ ಹಾರ, ಶಾಲು, ದೀಪ, ಒಬ್ಬರ ಹಿಂದ ಒಬ್ಬರ ಭಾಷಣ. ಹೆಣ್ಣಿಗಿ ಅವಕಾಶ ಕೊಡಬೇಕು ಅಂತ ಒಬ್ಬರು ಎಷ್ಟು ಹೊತ್ತು ಮಾತಾಡಿದ್ರಂದ್ರ, ಅವಕಾಶ ಸಿಗಬೇಕಾದವರು ಅಲ್ಲೇ ತೂಕಡಿಸಲಿಕತ್ತಿದ್ರು. ಯಾರೂ ಅವರಿಗಿ ಚೀಟಿ ಕಳಿಸಲಿಲ್ಲ. ನನಗ ಹೊಟ್ಟಿ ಉರೀತು. ಇಷ್ಟು ವರ್ಷ ನಾ ಕತ್ತರಿಸಿದ್ದು ಬರೇ ಇಂಥ ಹೆಣ್ಮಕ್ಕಳ ಮಾತು, ರಿಟೈರ್ ಆದವರ ಮಾತು, ಹುಡಗೂರ ಮಾತು. ಮೈಕ್ ಬಿಡದವರ ಮಾತು ಕತ್ತರಿಸಲಿಕ್ಕ ಯಾರೂ ನನ್ನ ಕಡೆ ಕಳಿಸಿಲ್ಲ.

ಆಕಿ ಪಾಳಿ ಬಂದಾಗ ನಿರೂಪಕರು ಸಮಯದ ಅಭಾವ ಅದ, ಚುಟುಕಾಗಿ ಹೇಳಬೇಕು ಅಂದ್ರು. ಆಕಿ ಹತ್ತಿದಳು, ಕೈಯಾಗ ನನ್ನ ಹಾಳಿ. ಮೂರು ಹೆಸರು ಹೇಳಿ ಕೈ ಮುಗಿದು ಸೀದಾ ಬಸ್ಸಿಗಿ ಬಂದಳು. ಕೋಣಿ ಕೊಡತೀವಿ, ಕೀಲಿ ಕೊಡತೀವಿ, ರೊಟ್ಟಿ ಕೊಡತೀವಿ ಅಂದಾಗ ಹೆಣ್ಮಕ್ಕಳ ಕಡಿಂದ ಚಪ್ಪಾಳೆ ಬಿತ್ತು. ಡಿಪೋದ ಸಾಹೇಬ್ರು ತಲಿ ಎತ್ತಿ ನೋಡಿದ್ರು. ಛಲೋ ನಡದದ ಅಂತ ನಾ ಉಸಿರು ಬಿಟ್ಟೆ. ಸಾಲಿ ಬಿಟ್ಟ ಹುಡಗಿ ಮಾತಿಗಿ ಬರೋದ್ರಾಗ ನಿರೂಪಕರು ಬಂದು ಪಕ್ಕಕ್ಕ ನಿಂತ್ರು. ಅರ್ಧ ಹಾಳಿ ಉಳಿದಿತ್ತು. ಆಕಿ ಅದನ್ನ ಮಡಿಚಿ, ಕಡೀ ಸಾಲು ಬಾಯಿಪಾಠಲೇ ಹೇಳಿದಳು. ನಮಗ ವಸ್ತಿ ಬಸ್ಸು ಕೊಡ್ರಿ ಅಂತ.

ಇಳಿಯಲಿಕ್ಕ ಹೊಂಟಾಗ ಡಿಪೋದ ಸಾಹೇಬ್ರು ತಮ್ಮ ಮುಂದಿನ ಮೈಕ್ ಎಳಕೊಂಡ್ರು. ಮನಷ್ಯಾ ಕೆಟ್ಟವರೇನಲ್ಲ, ನಕ್ಕೋತನೇ ಕೇಳಿದ್ರು. "ಕ್ರಾಸಿನಿಂದ ನಿಮ್ಮೂರು ಅಂಥ ದೂರ ಏನಿಲ್ಲಲ್ಲಮ್ಮ. ಮಕ್ಕಳು ಮಾತಾಡಿಕೋತ ನಡದ್ರ ಆರೋಗ್ಯಕ್ಕೂ ಒಳ್ಳೇದು, ಹೌದಿಲ್ಲೋ?"

ಮುಂದಿನ ಕುರ್ಚಿಯವರು ನಕ್ಕರು. ಆಕಿ ಮೈಕ್ ಹಿಡಕೊಂಡೇ ನಿಂತಳು. ಆ ಪ್ರಶ್ನೆಕ್ಕ ಉತ್ತರ ನನಗ ಗೊತ್ತಿತ್ತು, ಆಕಿಗಿ ಗೊತ್ತಿತ್ತು. ಆಕಿ ಕಣ್ಣು ನನ್ನ ಕಡೆ ಬರಲಿಲ್ಲ, ಸಭಾಂಗಣದ ಹಿಂದಿನ ಬಾಗಿಲಕ್ಕ ಹೋಯ್ತು. ತಿರುಗಿ ನೋಡಿದೆ. ಅಲ್ಲಿ ಗಂಡಸರ ನಡುವ ಆಕಿ ಗಂಡ ನಿಂತಿದ್ದ, ಸಂಘದವರನ್ನ ಕರಕೊಂಡು ಬಂದ ಟೆಂಪೋದಾಗ ತಾನೂ ಬಂದಿದ್ದ. ಹೇಳಬ್ಯಾಡವ್ವಾ ಅಂತ ನನ್ನ ಬಾಯಾಗ ಬಂತು. ಬಸ್ಸು ಹೋದ್ರ ಹೋಗಲಿ, ಹೇಳಬ್ಯಾಡ.

"ಅಲ್ಲಿ ಕತ್ತಲ ಇರತದ್ರಿ, ಸಾಹೇಬ್ರ," ಅಂದಳು.

ಅಷ್ಟೇ. ಮೈಕ್ ಇಟ್ಟು ಇಳಿದಳು. ಗಂಡಸರ ಕಡೆ ಇನ್ನೂ ಒಂದಿಬ್ಬರು ನಗಲಿಕತ್ತಿದ್ರು, ಹೆಣ್ಮಕ್ಕಳ ಕಡೆ ಒಂದು ಬಳಿ ಸಪ್ಪಳ ಸುದ್ದಾ ಇರಲಿಲ್ಲ. ನನ್ನ ಪಕ್ಕ ಕುಂತ ಮುದುಕಿ, ಯಾವ ಊರಾಕಿನೋ, ಸೆರಗಿಲೆ ಬಾಯಿ ಮುಚ್ಚಿಕೊಂಡಳು. ವೇದಿಕೆ ಮ್ಯಾಲಿದ್ದ ಒಬ್ಬ ಹೆಣ್ಣು ಅಧಿಕಾರಿ ತಲಿ ತಗ್ಗಿಸಿ ಡೈರಿಯೊಳಗ ಏನೋ ಬರಕೊಂಡ್ರು. ಪರಿಶೀಲಿಸೋಣ ಅಂತ ಸಾಹೇಬ್ರು ಅಂದ್ರು. ಮುಂದಿನ ಹೆಸರು ಕರೆದ್ರು.

ಹೊರಗ ಬಂದಾಗ ಆಕಿ ಗಂಡ ಎದುರಾದ. ನಮಸ್ಕಾರ್ರಿ ಟೀಚರ್, ಚಹಾ ಕುಡೀರಿ ಅಂದ. ಮುಖದಾಗ ಏನೂ ಕಾಣಲಿಲ್ಲ. ಆಕಿ ನನ್ನ ಕೈ ಹಿಡಕೊಂಡಳು. ಏನರ ತಿಳಕೊಂಡಾನೇನು ಅಂತ ಕೇಳಲಿಕ್ಕ ಅಲ್ಲಿ ಜಾಗ ಇರಲಿಲ್ಲ. ಸೇಡಂ ಬಸ್ಸಿನಾಗ ಕಿಟಕಿಗಿ ತಲಿ ಇಟ್ಟು ಕುಂತೆ, ಮೈಯಾಗ ಹೆಣಭಾರ ಆಯಾಸ. ಇನ್ನ ಮ್ಯಾಲ ಯಾರ ಭಾಷಣನೂ ಮುಟ್ಟಂಗಿಲ್ಲ ಅಂತ ಆಣಿ ಮಾಡಿಕೊಂಡೆ. ಇಂಥ ಆಣಿ ಭಾಳ ಮಾಡೀನಿ.

ಸಂಕ್ರಮಣ ಆದ ಮ್ಯಾಲ ತಡೀಲಾರದೇ ನಾನೇ ಫೋನ್ ಮಾಡಿದೆ. ಬಸ್ಸು ಬಂತೇನವ್ವಾ ಅಂದೆ. ಇಲ್ರಿ ಟೀಚರ್ ಅಂದಳು. ಅರ್ಜಿ ಮ್ಯಾಲ ಹೋಗ್ಯದಂತ, ಡ್ರೈವರ್ ಕಮ್ಮಿ ಇದ್ದಾರಂತ, ಒಬ್ಬರು ಬಂದು ಕೋಣಿ ನೋಡಿಕೊಂಡು ಹೋಗ್ಯಾರಂತ, ರೊಟ್ಟಿ ಊಟ ಮಾಡಿ ಛಲೋ ಅದ ಅಂದು ಹೋಗ್ಯಾರಂತ. ನನಗ ಪಿತ್ತ ನೆತ್ತಿಗೇರಿತು. ಬಾಯಿಗಿ ಬಂದಂಗ ಬೈದೆ, ಡಿಪೋ, ಸರಕಾರ, ಶಾಲು ಹೊದ್ದವರು, ಒಬ್ಬರನ್ನೂ ಬಿಡಲಿಲ್ಲ. ಆ ಎರಡು ಸಾಲು ಹೇಳಿದ್ರ ಬರತಿತ್ತೇನೋ ಅನ್ನೋ ಮಾತು ಮಾತ್ರ ನುಂಗಿಕೊಂಡೆ. ಆಕಿ ನನ್ನ ಸಿಟ್ಟು ಇಳಿಯೋ ತನಕ ಸುಮ್ನ ಕೇಳಿದಳು.

ಮಗಳು ಸಾಲಿಗಿ ಹೋಗಲಿಕತ್ತಾಳೋ ಇಲ್ಲೋ ಅಂತ ಕೇಳಲಿಕ್ಕ ನನಗ ಹೆದರಿಕಿ. ಕಡೀಗಿ ಕೇಳಿದೆ.

ಹೋಗಲಿಕತ್ತಾಳ್ರಿ ಅಂದಳು. ಸಮಾವೇಶದಿಂದ ಬಂದ ದಿನ ಗಂಡ ರಾತ್ರಿ ಉಣ್ಣಲಿಲ್ಲಂತ, ಮಾತಾಡಲಿಲ್ಲಂತ. ಮುಗೀತು, ನಾಳಿಂದ ಸಾಲಿ ಬಂದ್ ಅಂತಾನ ಅಂತ ತಾಯಿ ಮಗಳು ಇಬ್ಬರೂ ಕಾದು ಕುಂತಿದ್ರಂತ. ಮರುದಿನ ಅಂವ ಕಾಳಗಿ ಕೆಲಸದಿಂದ ಹೊತ್ತು ಇರೋದ್ರಾಗೇ ಬಿಟ್ಟು ಬಂದು ಕ್ರಾಸಿನಾಗ ನಿಂತಿದ್ದನಂತ. ಅವತ್ತಿಂದ ದಿನಾ ನಿಂದರತಾನ. ಗುತ್ತೇದಾರನ ಜೋಡಿ ಅದಕ್ಕೇ ಜಗಳ ಆಗ್ಯದ, ದೊಡ್ಡ ಕೆಲಸ ಕೈ ಬಿಟ್ಟದ. ಮಗಳನ್ನ, ಉಳಿದ ಹುಡಗ್ಯಾರನ್ನ ಮುಂದ ನಡೆಸಿ ಇಂವ ಹಿಂದ ಮೋಟಾರ್ ಸೈಕಲ್ ಸಾವಕಾಶ ಹೊಡಕೋತ ಬರತಾನಂತ.

ಏನರ ಕೇಳಿದನೇನು ಅಂದೆ.

"ನನಗ ಏನೂ ಕೇಳಿಲ್ರಿ ಟೀಚರ್. ಮೊನ್ನೆ ಮಗಳಿಗಿ ಯಾರವರು ಅಂತ ಕೇಳಿದನಂತ. ಆಕಿ ಹೇಳಿಲ್ಲ. ಹೇಳಬ್ಯಾಡ ಬಿಡು, ನೀ ಓದು, ನಾ ಇರತೀನಿ ಅಂದನಂತ."

ಅಷ್ಟು ಹೇಳಿ ಆಕಿ ಅಳಲಿಕತ್ತಳು. ಆಕಿ ಅಳು ನಿಲ್ಲೋ ತನಕ ನಾ ಫೋನ್ ಇಡಲಿಲ್ಲ.